ಬಸ್ಸು ಜಾರಲಿಲ್ಲ ಸ್ವಾಮೀ, ಮಗುಚಿತು

ಪೇಪರಿನಲ್ಲಿ ಈ ಸಾಲನ್ನು ನೀವೂ ಓದಿರ್ತೀರಿ. "ಅತಿವೇಗವಾಗಿ ಬಂದ ಬಸ್ಸು ತಿರುವಿನಲ್ಲಿ ಚಾಲಕನ ನಿಯಂತ್ರಣ ತಪ್ಪಿ ಪಲ್ಟಿ." ಊರು ಬದಲಾಗುತ್ತೆ, ಸತ್ತವರ ಸಂಖ್ಯೆ ಬದಲಾಗುತ್ತೆ, ಈ ಸಾಲು ಮಾತ್ರ ಅಚ್ಚು ಹಾಕಿ ಇಟ್ಟ ಹಾಗೆ ಹಾಗೇ ಇರುತ್ತೆ. ಇನ್ನೂ ಸ್ವಲ್ಪ ಉತ್ಸಾಹ ಇರುವ ವರದಿಗಾರರಾದರೆ "ಸ್ಕಿಡ್ ಆಗಿ" ಅಂತ ಒಂದು ಪದ ಸೇರಿಸುತ್ತಾರೆ. ಸ್ಕಿಡ್ ಆಗಿ ಪಲ್ಟಿ. ಓದಿದವರು ಚ್ಚು ಚ್ಚು ಅಂತ ಪುಟ ತಿರುಗಿಸುತ್ತಾರೆ. ಡ್ರೈವರ್ ಮೇಲೆ ಕೇಸು. ಅಲ್ಲಿಗೆ ಕಥೆ ಮುಗೀತು.

ನನ್ನ ತಕರಾರು ಆ "ಸ್ಕಿಡ್ ಆಗಿ" ಅನ್ನೋ ಪದದ ಮೇಲೆ. ಒಣಗಿದ ಟಾರು ರಸ್ತೆಯಲ್ಲಿ, ತಲೆ ಮೇಲೆ ಭಾರ ಹೊತ್ತ ಎತ್ತರದ ಬಸ್ಸು ತಿರುವಿನಲ್ಲಿ ಜಾರಿ ಬೀಳೋದಿಲ್ಲ. ಜಾರೋಕೆ ಮೊದಲೇ ಮಗುಚುತ್ತೆ. ಇವೆರಡೂ ಬೇರೆ ಬೇರೆ ಘಟನೆಗಳು. ಎರಡಕ್ಕೂ ಕಾರಣ ಬೇರೆ, ಎರಡಕ್ಕೂ ವೇಗ ಬೇರೆ, ಮುಖ್ಯವಾಗಿ ಎರಡಕ್ಕೂ ಹೊಣೆಗಾರರು ಬೇರೆ. ಇವನ್ನು ಒಂದೇ ಚೀಲಕ್ಕೆ ತುಂಬುವುದರಿಂದ ಯಾರಿಗೆ ಲಾಭ ಅಂತ ಕೊನೆಗೆ ಹೇಳ್ತೀನಿ.

ಈ ಗೊಂದಲದ ಬೇರು ಎಲ್ಲಿದೆ ಅಂತ ಹುಡುಕಿದರೆ ನಮ್ಮ ಪಿಯುಸಿ ಪುಸ್ತಕಕ್ಕೇ ಹೋಗಬೇಕು. ತಿರುವಿನಲ್ಲಿ ವಾಹನದ ಗರಿಷ್ಠ ವೇಗ ಎಷ್ಟು? ಕಣ್ಣು ಮುಚ್ಚಿಕೊಂಡು ಹೇಳ್ತೀವಿ: ಮ್ಯೂ ಆರ್ ಜಿ ಯ ವರ್ಗಮೂಲ. ಸಿಇಟಿಗೆ ಓದಿದ ಯಾರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳ್ತಾರೆ. ಸೂತ್ರ ತಪ್ಪಲ್ಲ. ಆದರೆ ಆ ಸೂತ್ರದಲ್ಲಿ ವಾಹನಕ್ಕೆ ಎತ್ತರವೂ ಇಲ್ಲ, ಅಗಲವೂ ಇಲ್ಲ. ಅದು ಒಂದು ಚುಕ್ಕೆ. ಚುಕ್ಕೆ ಜಾರಬಹುದು, ಮಗುಚಲಾರದು. ಚುಕ್ಕೆಗೆ ಮೇಲು ಕೆಳಗು ಎಲ್ಲಿದೆ? ಕಾರಿನ ಮಟ್ಟಿಗೆ ಈ ಲೆಕ್ಕ ನಡೆಯುತ್ತೆ, ಯಾಕೆ ಅಂತ ಮುಂದೆ ಬರುತ್ತೆ. ಆದರೆ ಗೈಡುಗಳನ್ನು ಬರೆಯುವವರು ಅದೇ ಲೆಕ್ಕದಲ್ಲಿ "ಕಾರು" ಅಂತಿರುವ ಕಡೆ "ಬಸ್ಸು", "ಲಾರಿ" ಅಂತ ಬದಲಾಯಿಸಿ ಹೊಸ ಪ್ರಶ್ನೆ ಮಾಡುತ್ತಾರಲ್ಲ, ಅಲ್ಲಿ ಹಾದಿ ತಪ್ಪುತ್ತೆ.

ಸರಿ, ಬಸ್ಸಿಗೆ ಮೈ ಕೊಟ್ಟು ನೋಡೋಣ. ಬಲಕ್ಕೆ ತಿರುಗುವ ರಸ್ತೆಯಲ್ಲಿ ಬಸ್ಸು ಹೋಗ್ತಿದೆ ಅಂದುಕೊಳ್ಳಿ. ಬಸ್ಸಿಗೆ ನೇರ ಹೋಗುವಾಸೆ. ಅದನ್ನು ತಿರುವಿನ ಒಳಗೆ ಎಳೆಯುತ್ತಿರೋದು ಟೈರಿನ ಕೆಳಗಿನ ಘರ್ಷಣೆ ಮಾತ್ರ. ಗಮನಿಸಿ, ಈ ಎಳೆತ ಇರೋದು ನೆಲದ ಮಟ್ಟದಲ್ಲಿ. ಆದರೆ ಬಸ್ಸಿನ ತೂಕವೆಲ್ಲ ಒಂದು ಕಡೆ ಕೂತಿದೆ ಅನ್ನಬಹುದಾದ ಜಾಗ, ಅಂದರೆ ಗುರುತ್ವ ಕೇಂದ್ರ, ನೆಲದಿಂದ ಒಂದೂವರೆ ಮೀಟರ್ ಮೇಲಿದೆ. ಕಾಲಿಗೆ ಹಗ್ಗ ಕಟ್ಟಿ ಪಕ್ಕಕ್ಕೆ ಎಳೆದರೆ ಮನುಷ್ಯ ಏನಾಗ್ತಾನೆ? ಕಾಲು ಹೋದ ಕಡೆಗೆ ತಲೆ ಹೋಗಲ್ಲ, ಉಲ್ಟಾ ದಿಕ್ಕಿಗೆ ಬೀಳ್ತಾನೆ. ಬಸ್ಸಿನದೂ ಅದೇ ಪಾಡು. ಕೆಳಗೆ ಒಳಮುಖವಾಗಿ ಎಳೆದಷ್ಟೂ ಮೈ ಹೊರಕ್ಕೆ ಮಗುಚೋಕೆ ನೋಡುತ್ತೆ.

ಬೀಳದಂತೆ ಹಿಡಿಯೋದು ಏನು? ಬಸ್ಸಿನ ತೂಕವೇ. ಆ ತೂಕಕ್ಕೆ ಸಿಗುವ ಸನ್ನೆಕೋಲು ಎಷ್ಟು ಉದ್ದ ಅಂದರೆ ಗುರುತ್ವ ಕೇಂದ್ರದಿಂದ ಹೊರಗಿನ ಚಕ್ರದವರೆಗಿನ ಅಡ್ಡ ದೂರ, ಅಂದರೆ ಎಡ ಬಲ ಚಕ್ರಗಳ ನಡುವಿನ ಅಗಲದ ಅರ್ಧ. ಮಗುಚುವ ಬಲಕ್ಕೆ ಸಿಗುವ ಸನ್ನೆಕೋಲು ಗುರುತ್ವ ಕೇಂದ್ರದ ಎತ್ತರ. ಎರಡನ್ನೂ ಸಮ ಮಾಡಿದರೆ ಮಗುಚುವ ವೇಗ ಸಿಗುತ್ತೆ. ಪಕ್ಕದಲ್ಲೇ ಜಾರುವ ವೇಗವನ್ನೂ ಇಟ್ಟಿದ್ದೀನಿ:

```
v_skid = sqrt(mu * g * r)
v_tip  = sqrt(g * r * t / (2*h))
```

t ಅಂದರೆ ಚಕ್ರಗಳ ನಡುವಿನ ಅಗಲ, h ಅಂದರೆ ಗುರುತ್ವ ಕೇಂದ್ರದ ಎತ್ತರ, r ತಿರುವಿನ ತ್ರಿಜ್ಯ. ಎರಡೂ ಸಾಲನ್ನು ಒಂದರ ಪಕ್ಕ ಒಂದಿಟ್ಟು ನೋಡಿ. g ಎರಡರಲ್ಲೂ ಇದೆ, r ಎರಡರಲ್ಲೂ ಇದೆ. ವ್ಯತ್ಯಾಸ ಇರೋದು ಒಂದೇ ಕಡೆ. ಒಂದರಲ್ಲಿ mu, ಇನ್ನೊಂದರಲ್ಲಿ t/(2h). ಯಾವುದು ಚಿಕ್ಕದೋ ಅದು ಮೊದಲು ಆಗುತ್ತೆ. ಅಷ್ಟೇ ಕಣ್ರೀ. ತಿರುವು ಎಷ್ಟು ಕಡಿದು, ವೇಗ ಎಷ್ಟು ಅನ್ನೋದು "ಯಾವಾಗ" ಅಂತ ಹೇಳುತ್ತೆ. "ಏನಾಗುತ್ತೆ" ಅನ್ನೋದನ್ನು ತೀರ್ಮಾನಿಸೋದು ರಸ್ತೆಯ ಘರ್ಷಣೆ ಮತ್ತು ಬಸ್ಸಿನ ಆಕಾರ, ಇವೆರಡೇ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತಾ? ಬಸ್ಸಿನ ತೂಕ ಎಲ್ಲೂ ಇಲ್ಲ. "ನಮ್ ಗಾಡಿ ಹದಿನಾಲ್ಕು ಟನ್ ಇದೆ ಸಾರ್, ಅಲ್ಲಾಡಲ್ಲ" ಅನ್ನುವವರಿಗೆ ಇದನ್ನು ತೋರಿಸಬೇಕು. ತೂಕ ಜಾಸ್ತಿಯಾದರೆ ಹಿಡಿಯುವ ಶಕ್ತಿಯೂ ಜಾಸ್ತಿ, ಎಸೆಯುವ ಶಕ್ತಿಯೂ ಅಷ್ಟೇ ಜಾಸ್ತಿ. ತೂಕ ಎಷ್ಟಿದೆ ಅನ್ನೋದು ಲೆಕ್ಕಕ್ಕಿಲ್ಲ, ಎಲ್ಲಿದೆ ಅನ್ನೋದು ಲೆಕ್ಕಕ್ಕಿದೆ. ನಮ್ಮ ಹಳ್ಳಿ ಕಡೆ ಗಾಡಿ ಹೊಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಲ್ಲು ತುಂಬಿದ ಗಾಡಿಯನ್ನು ಓರೆ ದಾರಿಯಲ್ಲಿ ಧೈರ್ಯವಾಗಿ ಹೊಡೀತಾರೆ. ಅದರ ಅರ್ಧ ತೂಕವೂ ಇಲ್ಲದ ಹುಲ್ಲಿನ ಗಾಡಿಗೆ ಪಕ್ಕದಲ್ಲಿ ಇಬ್ಬರು ಕೈಕೊಟ್ಟು ನಡೀತಾರೆ. ಅವರು ಪಿಯುಸಿ ಗೈಡು ಓದಿಲ್ಲ ನೋಡಿ :-)

ಈಗ ಕಾರಿಗೆ ಬರೋಣ. ಸಾಮಾನ್ಯ ಕಾರಿನ ಚಕ್ರಗಳ ಅಗಲ ಸುಮಾರು ಒಂದೂವರೆ ಮೀಟರ್, ಗುರುತ್ವ ಕೇಂದ್ರದ ಎತ್ತರ ಸುಮಾರು 55 ಸೆಂಟಿಮೀಟರ್. ಭಾಗಿಸಿದರೆ 1.36. ಒಣ ರಸ್ತೆಯಲ್ಲಿ ಒಳ್ಳೆ ಟೈರಿಗೆ mu ಅಂದಾಜು 0.8, 0.9 ಇರುತ್ತೆ. ಹಾಗಾಗಿ ಸಮತಟ್ಟು ರಸ್ತೆಯಲ್ಲಿ ಕಾರು ಯಾವತ್ತೂ ಮೊದಲು ಜಾರುತ್ತೆ. ಪುಸ್ತಕದ ಚುಕ್ಕೆ ಕಾರಿಗೆ ಹೊಂದಿಕೊಳ್ಳೋದು ಇದಕ್ಕೇ. ಅಮೆರಿಕದಲ್ಲಿ ರಸ್ತೆ ಸುರಕ್ಷತೆ ನೋಡಿಕೊಳ್ಳುವ ಎನ್‌ಎಚ್‌ಟಿಎಸ್‌ಎ ಅನ್ನುವ ಸರ್ಕಾರಿ ಸಂಸ್ಥೆ ಇದೇ t/(2h) ಗೆ ಸ್ಟಾಟಿಕ್ ಸ್ಟೆಬಿಲಿಟಿ ಫ್ಯಾಕ್ಟರ್ ಅಂತ ಹೆಸರಿಟ್ಟು 2001ರ ಮಾಡೆಲ್‌ಗಳಿಂದ ಕಾರು, ಜೀಪುಗಳಿಗೆ ಮಗುಚುವ ರೇಟಿಂಗ್ ಕೊಡ್ತಿದೆ. ಕಾರುಗಳದು 1.3ರಿಂದ 1.5, ಎತ್ತರದ ಎಸ್‌ಯುವಿಗಳದು ಅದಕ್ಕಿಂತ ಕಡಿಮೆ. ಆದರೆ ಆ ರೇಟಿಂಗ್ ಸಣ್ಣ ವಾಹನಗಳಿಗೆ ಮಾತ್ರ. ಬಸ್ಸಿಗಿಲ್ಲ.

ನಮ್ಮ ಬಸ್ಸಿನ ಲೆಕ್ಕ ಮಾಡೋಣ. ಬೆಂಗಳೂರಿನಿಂದ ರಾತ್ರಿ ಹೊರಡುವ ಸ್ಲೀಪರ್ ಬಸ್ಸು. ಇಲ್ಲಿ ಹಿಡಿದಿರೋದು ನನ್ನ ಅಂದಾಜಿನ ದುಂಡು ಅಂಕಿಗಳು, ಯಾವುದೋ ಒಂದು ಕಂಪನಿಯ ಬಸ್ಸಿನದಲ್ಲ. ನಿಮ್ಮ ಹತ್ತಿರ ಬೇರೆ ಅಂಕಿ ಇದ್ದರೆ ಹಾಕಿ ನೋಡಿ. ಖಾಲಿ ಬಸ್ಸು 11 ಟನ್, ಗುರುತ್ವ ಕೇಂದ್ರ 1.2 ಮೀಟರ್ ಎತ್ತರದಲ್ಲಿ. ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್ ಎಲ್ಲ ಕೆಳಗಿರೋದರಿಂದ ಖಾಲಿ ಬಸ್ಸಿನ ಕೇಂದ್ರ ನೋಡೋಕೆ ಕಾಣುವಷ್ಟು ಮೇಲಿರಲ್ಲ. ಚಕ್ರಗಳ ಅಗಲ 2 ಮೀಟರ್ ಹಿಡಿಯೋಣ. ಬಸ್ಸು ಎರಡೂವರೆ ಮೀಟರ್ ಅಗಲ ಇದ್ದರೂ ಟೈರು ನೆಲದ ಮೇಲೆ ನಿಂತಿರೋದು ಅದಕ್ಕಿಂತ ಒಳಗೆ. 2ನ್ನು 2.4ರಿಂದ ಭಾಗಿಸಿದರೆ 0.83. ಒಣ ರಸ್ತೆಯಲ್ಲಿ ಬಸ್ಸಿನ ಟೈರಿಗೆ mu 0.7 ಅಂತಿಟ್ಟುಕೊಂಡರೆ ಖಾಲಿ ಬಸ್ಸು ಮೊದಲು ಜಾರುತ್ತೆ. ಒಳ್ಳೆಯದು.

ಈಗ ಜನ ಹತ್ತಲಿ. 36 ಜನ, ತಲಾ 65 ಕೆಜಿ. ಅರ್ಧ ಜನ ಕೆಳಗಿನ ಬರ್ತಿನಲ್ಲಿ, ನೆಲದಿಂದ ಸುಮಾರು 1.7 ಮೀಟರ್ ಎತ್ತರದಲ್ಲಿ ಮಲಗಿದ್ದಾರೆ. ಇನ್ನರ್ಧ ಮೇಲಿನ ಬರ್ತಿನಲ್ಲಿ, 2.7 ಮೀಟರ್ ಎತ್ತರದಲ್ಲಿ. ತೂಕ ಗುಣಿಸು ಎತ್ತರ, ಎಲ್ಲ ಕೂಡಿಸಿ ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವ ಕೇಂದ್ರ 1.2ರಿಂದ 1.38 ಮೀಟರಿಗೆ ಏರುತ್ತೆ. ಬರೀ ಎರಡು ಟನ್ ಚಿಲ್ಲರೆ ಜನ ಅಷ್ಟು ಮೇಲೆತ್ತಿದರು. t/(2h) ಈಗ 0.73. ಇನ್ನೂ ಬಚಾವ್.

ಆಮೇಲೆ ಬರುತ್ತೆ ಸರಕು. ಆನಂದರಾವ್ ಸರ್ಕಲ್ ಸುತ್ತಮುತ್ತ ರಾತ್ರಿ ಒಂಬತ್ತರ ಮೇಲೆ ನಿಂತವರು ಈ ದೃಶ್ಯ ನೋಡಿರ್ತೀರಿ. ಹಿಂದಿನ ಏಣಿಯ ಮೇಲೆ ಒಬ್ಬ, ಟಾಪ್ ಮೇಲೆ ಇನ್ನೊಬ್ಬ. ಬಟ್ಟೆಯ ಬೇಲು, ಟೈಲ್ಸು, ಮೋಟರ್ ಪಾರ್ಟು, ಹೂವಿನ ಬುಟ್ಟಿ, ಕೆಲವೊಮ್ಮೆ ಬೈಕು. ನಾನು ಹತ್ತಿದ್ದ ಒಂದು ಬಸ್ಸಿನಲ್ಲಿ (ಹೆಸರು ಬೇಡ ಬಿಡಿ) ಹೊರಡೋದು ಮುಕ್ಕಾಲು ಗಂಟೆ ತಡವಾದದ್ದು ಪ್ರಯಾಣಿಕರಿಗಾಗಿ ಅಲ್ಲ, ಟಾಪಿನ ಮೇಲೆ ಟಾರ್ಪಾಲು ಕಟ್ಟಿ ಮುಗಿದಿರಲಿಲ್ಲ ಅಂತ. ಕೆಳಗೆ ಡಿಕ್ಕಿ ಆಗಲೇ ತುಂಬಿತ್ತು. ಒಂದೂವರೆ ಟನ್ ಟಾಪಿನ ಮೇಲೆ ಹೋಯಿತು ಅನ್ನಿ. ಅದರ ಎತ್ತರ ನೆಲದಿಂದ 3.9 ಮೀಟರ್. ಮತ್ತೆ ಕೂಡಿಸಿ ಭಾಗಿಸಿ. ಗುರುತ್ವ ಕೇಂದ್ರ 1.63 ಮೀಟರ್! t/(2h) 0.61ಕ್ಕೆ ಇಳೀತು. ಒಣ ರಸ್ತೆಯ 0.7ಕ್ಕಿಂತ ಕೆಳಗೆ.

ಇಲ್ಲೇ ನೋಡಿ ತಕ್ಕಡಿ ಇನ್ನೊಂದು ಕಡೆ ವಾಲಿದ್ದು. ಅದೇ ಬಸ್ಸು, ಅದೇ ಟೈರು, ಅದೇ ಡ್ರೈವರು. ಹೊರಟ ಡಿಪೋದಲ್ಲಿ ಅದು ಜಾರುವ ಬಸ್ಸಾಗಿತ್ತು, ಸರ್ಕಲ್ ಬಿಡುವಾಗ ಮಗುಚುವ ಬಸ್ಸಾಗಿದೆ. ಅದೇ ಒಂದೂವರೆ ಟನ್ ಕೆಳಗಿನ ಡಿಕ್ಕಿಯಲ್ಲಿ, 0.9 ಮೀಟರ್ ಎತ್ತರದಲ್ಲಿ ಇದ್ದಿದ್ದರೆ? ಗುರುತ್ವ ಕೇಂದ್ರ 1.33 ಮೀಟರ್, ಅಂದರೆ ಸರಕು ಇಲ್ಲದಾಗಿನದಕ್ಕಿಂತಲೂ ಕೆಳಗೆ. t/(2h) 0.75. ಸರಕು ಬಸ್ಸನ್ನು ಇನ್ನಷ್ಟು ಭದ್ರ ಮಾಡ್ತಿತ್ತು. ಸರಕು ಸಾಗಿಸೋದೇ ತಪ್ಪು ಅಂತ ನಾನು ಹೇಳ್ತಿಲ್ಲ.

ವೇಗಕ್ಕೆ ತಿರುಗಿಸೋಣ. 50 ಮೀಟರ್ ತ್ರಿಜ್ಯದ ತಿರುವು, ಹೈವೇಯಿಂದ ಇಳಿದು ಸುತ್ತು ಹಾಕುವ ರಸ್ತೆಗಳಲ್ಲಿ ಸಿಗುವಂಥದ್ದು. ಒಣ ರಸ್ತೆಯಲ್ಲಿ ಜಾರುವ ವೇಗ ಗಂಟೆಗೆ 67 ಕಿ.ಮೀ. ಸರಕು ಡಿಕ್ಕಿಯಲ್ಲಿದ್ದರೆ ಮಗುಚುವ ವೇಗ 69. ಸರಕು ಟಾಪಿನಲ್ಲಿದ್ದರೆ 62.

"ಅಯ್ಯೋ, ಐದಾರು ಕಿಲೋಮೀಟರಿಗೆ ಇಷ್ಟು ಗಲಾಟೆನಾ?" ಅನ್ನಬೇಡಿ. ಮೊದಲನೆಯದಾಗಿ, ಈ ಲೆಕ್ಕ ಬಸ್ಸನ್ನು ಕಲ್ಲಿನ ಹಾಗೆ ಗಟ್ಟಿ ಅಂತ ಹಿಡಿದಿದೆ. ನಿಜವಾದ ಬಸ್ಸು ಸ್ಪ್ರಿಂಗಿನ ಮೇಲೆ ಕೂತಿದೆ. ತಿರುವಿನಲ್ಲಿ ಮೈ ಹೊರಕ್ಕೆ ವಾಲುತ್ತೆ, ಗುರುತ್ವ ಕೇಂದ್ರವೂ ಅದರ ಜೊತೆ ಹೊರಕ್ಕೆ ಸರಿಯುತ್ತೆ, ಹಿಡಿಯುವ ಸನ್ನೆಕೋಲು ಅಷ್ಟು ಗಿಡ್ಡವಾಗುತ್ತೆ. ಟಾಪಿನಲ್ಲಿ ಭಾರ ಇದ್ದಾಗ ವಾಲೋದೂ ಹೆಚ್ಚು. ಹತ್ತು ಸೆಂಟಿಮೀಟರ್ ಸರಿಯಿತು ಅಂದುಕೊಂಡರೆ 1 ಮೀಟರಿನ ಜಾಗಕ್ಕೆ 0.9 ಬಂತು, 0.61 ಇದ್ದದ್ದು 0.55 ಆಯಿತು, ಮಗುಚುವ ವೇಗ 59ಕ್ಕೆ ಇಳೀತು. ಡಿಕ್ಕಿಯಲ್ಲಿ ಸರಕಿದ್ದ ಬಸ್ಸು ಅಷ್ಟು ವಾಲಲ್ಲ. ಐದು ಸೆಂಟಿಮೀಟರ್ ಹಿಡಿದರೂ ಅದರ ಅಂಕಿ 0.71, ಕೂದಲೆಳೆಯಷ್ಟು ಅಂತರದಲ್ಲಿ ಇನ್ನೂ ಜಾರುವ ಪಕ್ಷದಲ್ಲೇ ಇದೆ.

ಎರಡನೆಯದು ಇನ್ನೂ ಮುಖ್ಯ. ಜಾರೋದಕ್ಕೂ ಮಗುಚೋದಕ್ಕೂ ಇರುವ ವ್ಯತ್ಯಾಸ ಬರೀ ವೇಗದ್ದಲ್ಲ, ಆಮೇಲೆ ಏನಾಗುತ್ತೆ ಅನ್ನೋದರದ್ದು. ಜಾರುವಾಗ ಟೈರು ಕಿರುಚುತ್ತೆ, ಸ್ಟೇರಿಂಗ್ ಹಗುರಾಗುತ್ತೆ, ಬಸ್ಸು ಅಗಲವಾಗಿ ಸರಿಯುತ್ತೆ. ಜಾರ್ತಾ ಜಾರ್ತಾ ವೇಗವೂ ಕಳೆಯುತ್ತೆ, ವೇಗ ಕಳೆದರೆ ಹಿಡಿತ ವಾಪಸ್ ಬರಬಹುದು. ರಸ್ತೆ ಪಕ್ಕ ಜಾಗ ಇದ್ದರೆ ಬದುಕಿಕೊಳ್ತೀರಿ. ಮಗುಚುವಾಗ ಇದರ ಉಲ್ಟಾ. ಒಳಗಿನ ಚಕ್ರ ನೆಲ ಬಿಟ್ಟ ಕ್ಷಣದಿಂದ ಗುರುತ್ವ ಕೇಂದ್ರ ಹೊರಗಿನ ಚಕ್ರದ ಕಡೆಗೆ ಸರಿಯುತ್ತಾ ಹೋಗುತ್ತೆ. ಅಂದರೆ ಹಿಡಿಯುವ ಶಕ್ತಿ ಕ್ಷಣಕ್ಷಣಕ್ಕೂ ಕಡಿಮೆಯಾಗುತ್ತೆ. ಬೀಳೋಕೆ ಶುರುವಾದ ಮೇಲೆ ಬೀಳೋದು ಇನ್ನೂ ಸುಲಭ.

ಮುನ್ಸೂಚನೆಯ ಮಾತು. ಟಾಪ್ ಲೋಡ್ ಆದ ನಮ್ಮ ಬಸ್ಸು ಅದೇ ತಿರುವಿನಲ್ಲಿ 40ರಲ್ಲಿ ಹೋದರೆ ಒಳಗಿನ ಚಕ್ರಗಳ ಮೇಲೆ ಒಟ್ಟು ತೂಕದ ಶೇಕಡಾ 30 ಇರುತ್ತೆ (ನೇರ ರಸ್ತೆಯಲ್ಲಿ 50 ಇರಬೇಕಾದದ್ದು). 50ರಲ್ಲಿ ಹೋದರೆ ಶೇಕಡಾ 18. 60ರಲ್ಲಿ 4, ಅದೂ ಮೈ ವಾಲೋದನ್ನು ಲೆಕ್ಕಕ್ಕೆ ಹಿಡಿಯದೆ. ವೇಗದ ವರ್ಗದ ಹಿಂದೆ ಇದು ಓಡುತ್ತೆ, ಅದಕ್ಕೇ ಕೊನೆಯ ಹತ್ತು ಕಿಲೋಮೀಟರಿನಲ್ಲಿ ಎಲ್ಲ ಮುಗಿಯೋದು. 50ರಲ್ಲಿ ಆರಾಮಾಗಿ ಹೋದ ಡ್ರೈವರಿಗೆ 60 ಅಂದರೆ "ಇನ್ನೊಂದು ಸ್ವಲ್ಪ" ಅಷ್ಟೇ. ಒಣ ರಸ್ತೆಯಲ್ಲಿ ಹೊರಗಿನ ಟೈರು ಇನ್ನೂ ಗಟ್ಟಿಯಾಗಿ ಕಚ್ಚಿಕೊಂಡಿದೆ, ಕಿರುಚಿ ಎಚ್ಚರಿಸೋಕೆ ಅದಕ್ಕೆ ಕಾರಣವೇ ಇಲ್ಲ. ಅವನು ಕೂತಿರೋದು ಮುಂದೆ, ಕೆಳಗೆ. ಟಾಪಿನ ಮೇಲಿನ ಒಂದೂವರೆ ಟನ್ ಏನು ಮಾಡ್ತಿದೆ ಅಂತ ಅವನ ಬೆನ್ನಿಗೆ ಗೊತ್ತಾಗಲ್ಲ.

ಈಗ ಒಂದು ಅಪಹಾಸ್ಯದಂಥ ಸತ್ಯ. "ಹೊಸ ಟೈರ್ ಹಾಕ್ಸಿದೀವಿ ಸಾರ್" ಅಂತಾರಲ್ಲ ಮಾಲೀಕರು, ಒಳ್ಳೆಯದೇ, ಬ್ರೇಕಿಗೆ ಬೇಕು. ಆದರೆ ಟೈರು ಎಷ್ಟು ಚೆನ್ನಾಗಿ ಕಚ್ಚಿಕೊಂಡರೂ ಮಗುಚುವ ವೇಗ ಒಂದು ಕೂದಲೂ ಏರಲ್ಲ, ಆ ಸೂತ್ರದಲ್ಲಿ mu ಇಲ್ಲವೇ ಇಲ್ಲ. ಹಿಡಿತ ಹೆಚ್ಚಾದಷ್ಟೂ ಜಾರಿ ತಪ್ಪಿಸಿಕೊಳ್ಳುವ ದಾರಿ ಮುಚ್ಚುತ್ತೆ. ಮಳೆ ಬಂದು mu 0.4ಕ್ಕೆ ಇಳಿದರೆ ನಮ್ಮ ಬಸ್ಸು ಆ ತಿರುವಿನಲ್ಲಿ 50ಕ್ಕೇ ಜಾರುತ್ತೆ, ಮಗುಚುವ 59 ತಲುಪೋದೇ ಇಲ್ಲ. ಮಳೆಗಾಲದಲ್ಲಿ ಜಾರುವ ಬಸ್ಸು, ಬೇಸಿಗೆಯಲ್ಲಿ ಮಗುಚುವ ಬಸ್ಸು. ವರದಿಗಾರರು ಮಾತ್ರ ಹನ್ನೆರಡು ತಿಂಗಳೂ "ಸ್ಕಿಡ್".

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. ಜಾರಿದ ಬಸ್ಸೂ ಕೊನೆಗೆ ಮಗುಚಬಹುದು, ಬಹಳ ಸಲ ಮಗುಚುತ್ತೆ. ಪಕ್ಕಕ್ಕೆ ಜಾರುವಾಗ ಟೈರು ರಸ್ತೆ ಅಂಚಿನ ಕಲ್ಲಿಗೆ ತಾಗಿದರೆ, ಇಲ್ಲ ಮೆತ್ತನೆ ಮಣ್ಣಿಗೆ ಹೂತರೆ, ಆಗ ಪಕ್ಕದಿಂದ ತಡೆಯುವ ಬಲಕ್ಕೆ 0.4, 0.7 ಅನ್ನೋ ಮಿತಿ ಇಲ್ಲ. ನಡೆಯುವವನ ಕಾಲಿಗೆ ಹೊಸಿಲು ಎಡವಿದ ಹಾಗೆ. ಆಗ "ಸ್ಕಿಡ್ ಆಗಿ ಪಲ್ಟಿ" ಅನ್ನೋದು ಸರಿಯೇ. ಆದರೆ ಅದನ್ನು ಬರೆಯುವ ಮೊದಲು ರಸ್ತೆ ನೋಡಿ ಸ್ವಾಮೀ. ಜಾರಿದ್ದರೆ ಅಗಲವಾದ, ಬಾಗಿದ, ಓರೆ ಗೀರುಗಳಿರುವ ಟೈರಿನ ಗುರುತು ಇರುತ್ತೆ, ಅಂಚಿನಲ್ಲಿ ಉತ್ತ ಹಾಗೆ ಮಣ್ಣು ಕಿತ್ತಿರುತ್ತೆ, ಬಸ್ಸು ರಸ್ತೆಯಾಚೆ ಬಿದ್ದಿರುತ್ತೆ. ತಾನಾಗಿ ಮಗುಚಿದ್ದರೆ ಗುರುತು ಹೊರಗಿನ ಚಕ್ರದ್ದು ಮಾತ್ರ ಇರುತ್ತೆ, ಒಳಗಿನ ಚಕ್ರದ ಗುರುತು ತೆಳುವಾಗಿ ಮಾಯವಾಗಿರುತ್ತೆ. ಆಮೇಲೆ ಟಾರಿನ ಮೇಲೇ ತಗಡು ಉಜ್ಜಿದ ಉದ್ದನೆ ಗೀರು ಶುರುವಾಗುತ್ತೆ. ಬಸ್ಸು ರಸ್ತೆಯ ಮೇಲೇ ಮಲಗಿದ್ದು, ಹತ್ತಿರದಲ್ಲಿ ಎಡವೋಕೆ ಏನೂ ಇಲ್ಲದಿದ್ದರೆ ಅದು ಸ್ಕಿಡ್ ಅಲ್ಲ. ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದರೆ ಸಾಕು. ಆದರೆ ನಾವು ಕ್ರೇನ್ ತಂದು ಬಸ್ಸು ಎತ್ತುವ ಅವಸರದಲ್ಲಿರ್ತೀವಿ.

"ರಸ್ತೆ ಸರಿಯಾಗಿ ಓರೆ ಮಾಡಿಲ್ಲ, ಪಿಡಬ್ಲ್ಯುಡಿಯವರದ್ದೇ ತಪ್ಪು" ಅನ್ನೋ ಇನ್ನೊಂದು ವಾದವಿದೆ. ತಿರುವಿನಲ್ಲಿ ರಸ್ತೆಯ ಹೊರ ಅಂಚನ್ನು ಎತ್ತರಿಸೋದರಿಂದ ಖಂಡಿತ ಉಪಯೋಗ ಇದೆ. ನೂರಕ್ಕೆ ಏಳರ ಓರೆ ಕೊಟ್ಟರೆ 0.55 ಇದ್ದದ್ದು ಸುಮಾರು 0.64 ಆಗುತ್ತೆ. ಆದರೆ 0.7 ಇದ್ದ ಘರ್ಷಣೆಯ ಮಿತಿಯೂ ಅದೇ ರೀತಿ ಏರುತ್ತೆ. ಎರಡು ಕೋನಗಳಿಗೂ ಅದೇ ಓರೆ ಕೋನವನ್ನು ಕೂಡಿಸಿದ ಹಾಗೆ. ಅಂದರೆ ಒಳ್ಳೆ ರಸ್ತೆ ಎರಡೂ ವೇಗವನ್ನು ಮೇಲಕ್ಕೆ ತಳ್ಳುತ್ತೆ, ಯಾವುದು ಮೊದಲು ಅನ್ನೋ ಸರದಿಯನ್ನು ಮಾತ್ರ ಬದಲಾಯಿಸಲ್ಲ. ಮಗುಚುವ ಬಸ್ಸನ್ನು ರಸ್ತೆ ಜಾರುವ ಬಸ್ಸು ಮಾಡಲಾರದು.

ಸ್ಪೀಡ್ ಗವರ್ನರ್? ನಮ್ಮಲ್ಲಿ 80ಕ್ಕೆ ಕಟ್ಟುತ್ತಾರೆ. 80ರಲ್ಲಿ ನಮ್ಮ ಟಾಪ್ ಲೋಡ್ ಬಸ್ಸು ಮಗುಚೋಕೆ ತಿರುವಿನ ತ್ರಿಜ್ಯ ಸುಮಾರು 90 ಮೀಟರಿಗಿಂತ ಕಡಿಮೆ ಇದ್ದರೆ ಸಾಕು. 90 ಅಂದರೆ ಅಂಥ ಕಡಿದಾದ ತಿರುವೇನಲ್ಲ. ನೇರ ರಸ್ತೆಯಲ್ಲೂ ಎದುರಿಗೆ ನಾಯಿ ಬಂತು ಅಂತ ಸ್ಟೇರಿಂಗ್ ಎಳೆದರೆ ಆ ಒಂದು ಕ್ಷಣ ಬಸ್ಸು ಅದಕ್ಕಿಂತ ಕಿರಿದಾದ ವೃತ್ತದಲ್ಲಿರಬಹುದು. ಗವರ್ನರಿಗೆ ವೇಗ ಗೊತ್ತು, ತಿರುವು ಗೊತ್ತಿಲ್ಲ, ಟಾಪಿನಲ್ಲಿ ಏನಿದೆ ಅಂತಲೂ ಗೊತ್ತಿಲ್ಲ.

ಹಾಗಾದರೆ ಬಸ್ಸಿನ t/(2h) ಅಳೆಯೋದು ಕಷ್ಟವಾ? ಬೆಂಕಿಪೊಟ್ಟಣ ತಗೊಳ್ಳಿ. ನೋಟ್‌ಬುಕ್ಕಿನ ರಟ್ಟಿನ ಮೇಲೆ ಮಲಗಿಸಿ ಮೆಲ್ಲಗೆ ಓರೆ ಮಾಡಿ. ಜಾರುತ್ತೆ. ಅದನ್ನೇ ಉದ್ದಕ್ಕೆ ನಿಲ್ಲಿಸಿ, ತೆಳ್ಳಗಿನ ಬದಿಯ ಕಡೆಗೆ ಓರೆ ಮಾಡಿ. ಜಾರುವ ಮೊದಲೇ ಬೀಳುತ್ತೆ. ಬಿದ್ದ ಕೋನದ ಟ್ಯಾನ್ ಇದೆಯಲ್ಲ, ಅದೇ t/(2h). ಗುರುತ್ವ ಕೇಂದ್ರದಿಂದ ಇಳಿಬಿಟ್ಟ ತೂಗುದಾರ ಅಂಚನ್ನು ದಾಟುವ ಕೋನ ಅದು. ಬಸ್ಸಿಗೂ ಅದನ್ನೇ ಮಾಡ್ತಾರೆ. ಬಸ್ಸನ್ನು ಒಂದು ದೊಡ್ಡ ವೇದಿಕೆಯ ಮೇಲೆ ನಿಲ್ಲಿಸಿ ಪಕ್ಕಕ್ಕೆ ಎತ್ತುತ್ತಾರೆ. ಲಂಡನ್ನಿನ ಡಬಲ್ ಡೆಕ್ಕರ್‌ಗಳಿಗೆ ಮೇಲಿನ ಮಹಡಿಯ ಸೀಟುಗಳಲ್ಲಿ ಮನುಷ್ಯರ ತೂಕದ ಮೂಟೆ ಇಟ್ಟು, ಕೆಳಗೆ ಖಾಲಿ ಬಿಟ್ಟು, 28 ಡಿಗ್ರಿಯವರೆಗೆ ಓರೆ ಮಾಡೋದು ಹಳೆಯ ಪದ್ಧತಿ. ವಿಶ್ವಸಂಸ್ಥೆಯ ಬಸ್ಸು ನಿಯಮದಲ್ಲೂ ಇದೇ 28 ಡಿಗ್ರಿ. ಸ್ಪ್ರಿಂಗು ವಾಲೋದೂ ಇದರಲ್ಲಿ ಸೇರಿಕೊಳ್ಳೋದರಿಂದ ಕಾಗದದ ಲೆಕ್ಕಕ್ಕಿಂತ ಇದು ಪ್ರಾಮಾಣಿಕ.

ಆದರೆ 28 ಡಿಗ್ರಿಯ ಟ್ಯಾನ್ ಎಷ್ಟು? 0.53. ಒಣ ರಸ್ತೆಯ 0.7ಕ್ಕೆ ಸಮನಾಗಬೇಕಾದರೆ 35 ಡಿಗ್ರಿ ಬೇಕು. ಅಂದರೆ ಪರೀಕ್ಷೆಯಲ್ಲಿ ಅಂಚಿನಲ್ಲಿ ಪಾಸಾದ ಬಸ್ಸು ಕೂಡ ಒಣ ರಸ್ತೆಯಲ್ಲಿ ಜಾರುವ ಮೊದಲೇ ಮಗುಚುವ ಬಸ್ಸೇ. ಪರೀಕ್ಷೆ ಸುಳ್ಳಲ್ಲ, ಅದು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತೆ, ಅಷ್ಟೇ. ನಮ್ಮ ಲೆಕ್ಕದ ಟಾಪ್ ಲೋಡ್ ಬಸ್ಸೇ ಸುಮಾರು 29 ಡಿಗ್ರಿಯವರೆಗೆ ನಿಲ್ಲುತ್ತೆ ನೋಡಿ! ಜೊತೆಗೆ, ಪರೀಕ್ಷೆ ನಡೆಯೋದು ಕಂಪನಿ ಕಟ್ಟಿದ ಬಸ್ಸಿಗೆ. ಆಮೇಲೆ ಟಾಪಿಗೆ ಏರಿದ ಬೇಲುಗಳಿಗೆ ಯಾವ ವೇದಿಕೆಯೂ ಇಲ್ಲ. ನಮ್ಮ ಮೋಟಾರು ವಾಹನ ನಿಯಮ ಒಂದೇ ಮಹಡಿಯ ಬಸ್ಸಿನ ಎತ್ತರವನ್ನು 3.8 ಮೀಟರಿಗೆ ಕಟ್ಟಿಹಾಕಿದೆ. ಅದು ಸೇತುವೆ, ತಂತಿಗೆ ತಾಗದಂತೆ ನೋಡಿಕೊಳ್ಳುತ್ತೆ. ಆ 3.8ರ ಒಳಗೆ ತೂಕ ಎಲ್ಲಿ ಕೂತಿದೆ ಅಂತ ಎತ್ತರದ ಮಿತಿಯೊಂದರಿಂದ ತಿಳಿಯೋಕಾಗಲ್ಲ.

2018ರ ಫೆಬ್ರವರಿ 10ರಂದು ಹಾಂಗ್‌ಕಾಂಗಿನಲ್ಲಿ, ಶಾ ಟಿನ್ ರೇಸ್‌ಕೋರ್ಸಿನಿಂದ ಜನರನ್ನು ತುಂಬಿಕೊಂಡು ಹೊರಟ ಡಬಲ್ ಡೆಕ್ಕರ್ ಒಂದು ತಾಯ್ ಪೋ ರಸ್ತೆಯ ತಿರುವಿನಲ್ಲಿ ಪಕ್ಕಕ್ಕೆ ಮಗುಚಿಬಿತ್ತು. 19 ಜನ ಸತ್ತರು. ಡ್ರೈವರ್ ಅತಿವೇಗದಲ್ಲಿದ್ದ, ಜೈಲಿಗೂ ಹೋದ. ನಮ್ಮಲ್ಲಾದರೆ ಅಲ್ಲಿಗೆ ಫೈಲು ಮುಚ್ಚುತ್ತಿತ್ತು. ಅಲ್ಲಿ ನ್ಯಾಯಾಧೀಶರೊಬ್ಬರ ನೇತೃತ್ವದಲ್ಲಿ ಸಮಿತಿ ಕೂತು ಇಡೀ ಬಸ್ಸು ವ್ಯವಸ್ಥೆಯನ್ನೇ ತಡಕಾಡಿತು. ಮೇಲಿನ ಮಹಡಿಗೆ ಸೀಟ್ ಬೆಲ್ಟು, ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲು, ವೇಗ ಮೀರಿದರೆ ತಾನೇ ತಡೆಯುವ ಸಾಧನ, ಇವನ್ನು ಬಸ್ಸುಗಳಿಗೆ ಹಾಕಿಸೋಕೆ ಅಲ್ಲಿನ ಸರ್ಕಾರ ದುಡ್ಡು ಕೊಟ್ಟಿತು. ಆ ಸ್ಟೆಬಿಲಿಟಿ ಕಂಟ್ರೋಲ್ ಮಾಡೋದು ನಾವು ಮೇಲೆ ಮಾಡಿದ ಲೆಕ್ಕವನ್ನೇ. ಪಕ್ಕದ ಎಳೆತ ಎಷ್ಟಿದೆ ಅಂತ ಅಳೆದು, ಮಿತಿಗೆ ಹತ್ತಿರ ಬಂದರೆ ಡ್ರೈವರಿಗೆ ತಿಳಿಯೋ ಮೊದಲೇ ಆಕ್ಸಿಲರೇಟರ್ ಕತ್ತರಿಸಿ ಬ್ರೇಕ್ ಹಾಕುತ್ತೆ. ಒಳಗಿನ ಚಕ್ರ ಹಗುರಾಗಿದ್ದು ಮನುಷ್ಯನ ಬೆನ್ನಿಗೆ ಗೊತ್ತಾಗಲ್ಲ ಅನ್ನೋದನ್ನು ಒಪ್ಪಿಕೊಂಡ ಯಂತ್ರ ಅದು.

ಮೊದಲಲ್ಲಿ ಕೇಳಿದ್ದೆನಲ್ಲ, "ಸ್ಕಿಡ್" ಅನ್ನೋದರಿಂದ ಯಾರಿಗೆ ಲಾಭ ಅಂತ. ಜಾರೋದು ಡ್ರೈವರ್, ಟೈರು, ಮಳೆ ಈ ಮೂರರ ನಡುವಿನ ವ್ಯವಹಾರ. ಹಾಗೆ ಬರೆದುಬಿಟ್ಟರೆ ಬೇರೆ ಯಾರನ್ನೂ ಕೇಳಬೇಕಾಗಿಲ್ಲ. ಮಗುಚಿತು ಅಂತ ಬರೆದರೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತೆ: h ಎಷ್ಟಿತ್ತು? ಅದನ್ನು ಎತ್ತರಿಸಿದವರು ಯಾರು? 59ಕ್ಕೆ ಮಗುಚುವ ಬಸ್ಸನ್ನು 60ರಲ್ಲಿ ಓಡಿಸಿದವನ ತಪ್ಪು ಇದೆ, ನಾನೇನು ಅವನ ವಕೀಲನಲ್ಲ. ಆದರೆ ಆ ಬಸ್ಸು 59ಕ್ಕೆ ಮಗುಚುತ್ತೆ ಅಂತ ಅವನಿಗೆ ಹೇಳಿದವರು ಯಾರೂ ಇಲ್ಲ. ಹಿಂದಿನ ದಿನ ಟಾಪ್ ಖಾಲಿ ಇದ್ದಾಗ ಅದೇ ತಿರುವಿನಲ್ಲಿ ಅದೇ ವೇಗಕ್ಕೆ ಏನೂ ಆಗಿರಲಿಲ್ಲ. ರಾತ್ರೋರಾತ್ರಿ ಮಿತಿಯನ್ನು ಇಳಿಸಿದ್ದು ಬುಕಿಂಗ್ ಆಫೀಸು. ಪಾರ್ಸೆಲ್ಲಿನ ದುಡ್ಡು ಹೋಗಿದ್ದೂ ಅಲ್ಲಿಗೇ.

"ಟಾಪ್ ಲೋಡ್ ನಿಲ್ಲಿಸಿದ್ರೆ ಟಿಕೆಟ್ ರೇಟ್ ಏರುತ್ತೆ" ಅಂತ ಮಾಲೀಕರು ಹೇಳ್ತಾರೆ. ಏರಲಿ, ಇಲ್ಲ ಡಿಕ್ಕಿ ದೊಡ್ಡದು ಮಾಡಲಿ, ಇಲ್ಲ ಸರಕಿಗೆ ಲಾರಿ ಇಡಲಿ. ನನಗೆ ಬೇಕಿರೋದು ಎರಡು ಸಣ್ಣ ಸಂಗತಿ. ಒಂದು, ಪ್ರತಿ ಬಸ್ಸಿನ ಓರೆ ಪರೀಕ್ಷೆಯ ಡಿಗ್ರಿ ಎಷ್ಟು ಬಂತು ಅನ್ನೋದನ್ನು, ಸೀಟಿನ ಸಂಖ್ಯೆ ಬರೆಯುವ ಜಾಗದಲ್ಲೇ, ಬಾಗಿಲ ಪಕ್ಕ ಬರೆಯಲಿ. ಎರಡು, ಬಸ್ಸು ಮಗುಚಿದಾಗ ಪೊಲೀಸರು ಟೈರಿನ ಗುರುತಿನ ಫೋಟೋ ಜೊತೆಗೆ ಆ ರಾತ್ರಿ ಟಾಪಿಗೆ ಏರಿದ ಪಾರ್ಸೆಲ್‌ಗಳ ಬುಕಿಂಗ್ ಚೀಟಿಗಳನ್ನೂ ವಶಕ್ಕೆ ತಗೊಳ್ಳಲಿ. ಚೀಟಿಯಲ್ಲಿ ಕೆಜಿ ಲೆಕ್ಕದಲ್ಲಿ ತೂಕ ಬರೆದಿರುತ್ತೆ. ಬಾಡಿಗೆ ವಸೂಲಿ ಮಾಡೋದೇ ಅದರ ಮೇಲೆ.